ಮೂರಕ್ಕೆ ಎಂಟು ಕೂಡಿದರೆ

ಶಿಕ್ಷಕಿ ಗುರುಲಿಂಗಮ್ಮನ ಸಿಟ್ಟು ಲಿಂಗಸುಗೂರಿನ ಹೆಣ್ಣುಮಕ್ಕಳ ಶಾಲೆಗೆಲ್ಲ ಗೊತ್ತಿದ್ದದ್ದೇ. ನಿಜಾಮರ ಸರಕಾರ ಸಂಬಳ ತಡಮಾಡಿದರೂ ಅವಳು ಸಿಟ್ಟು ತಡಮಾಡಿದವಳಲ್ಲ. ಆ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ತನ್ನ ವಿದ್ಯಾರ್ಥಿನಿ ಪಂಪಮ್ಮನ ಲೆಕ್ಕದ ಹಾಳೆ ತಿದ್ದುತ್ತಿದ್ದಾಗ ಆ ಸಿಟ್ಟು ನೆತ್ತಿಗೇರಿತ್ತು.

ಹಾಳೆಯಲ್ಲಿ ಇದ್ದದ್ದು ಒಂಟಿ ಅಂಕಿ ಕೂಡುವ ಲೆಕ್ಕಗಳು. ಎರಡನೇ ಇಯತ್ತೆಯ ಮಗುವೂ ಮಾಡೀತು. ಆದರೆ ಗೊತ್ತುಮಾಡಿದ ಹೊತ್ತಿನೊಳಗೆ, ಓಟದಲ್ಲಿ ಮಾಡಬೇಕು. ಶಾಲೆಯಲ್ಲಿ ಗಡಿಯಾರವಿರಲಿಲ್ಲ. ಗುರುಲಿಂಗಮ್ಮ ತಳದಲ್ಲಿ ತೂತಿದ್ದ ತಾಮ್ರದ ಬಟ್ಟಲನ್ನು ಕೊಳಗದ ನೀರಿನ ಮೇಲೆ ತೇಲಿಬಿಡುತ್ತಿದ್ದಳು. ಬಟ್ಟಲು ತುಂಬಿ ಮುಳುಗಿದರೆ ಲೇಖಣಿ ಕೆಳಗಿಡಬೇಕು. ರಾಯಚೂರಿನ ದೊಡ್ಡ ಶಾಲೆಯ ಪರೀಕ್ಷೆಯೂ ಇಂಥದ್ದೇ ಓಟದ್ದು. ಅದರಲ್ಲಿ ಗೆದ್ದ ಒಬ್ಬ ಹುಡುಗಿಗೆ ಅಲ್ಲಿ ಊಟ, ವಸತಿ, ಓದು ಎಲ್ಲ ಸರಕಾರದ್ದು.

ಪಂಪಮ್ಮ ಗೆಲ್ಲಲೇಬೇಕಿತ್ತು. ಬಳಗಾನೂರಿನಲ್ಲಿ ಅವಳಿಗೆ ಗಂಡು ನೋಡಿಟ್ಟಿದ್ದರು. ಗುರುಲಿಂಗಮ್ಮ ಅವಳ ತಾಯಿ ವೀರಭದ್ರಮ್ಮನ ಮನೆಬಾಗಿಲಿಗೆ ಹೋಗಿ, ಕೈಹಿಡಿದು, ಹುಡುಗಿ ಗೆದ್ದರೆ ಓದು, ಸೋತರೆ ಮದುವೆ ಎಂಬ ಮಾತು ಪಡೆದು ಬಂದಿದ್ದಳು. ಅಷ್ಟು ಮಾಡಿದ ಮೇಲೂ ಹುಡುಗಿಯ ಹಾಳೆಯಲ್ಲಿ ಬರೀ ಕೆಂಪು. ಗುರುಲಿಂಗಮ್ಮ ಮೇಲ್ಗಡೆ ದಪ್ಪಕ್ಷರದಲ್ಲಿ ‘ಗಮನವಿಲ್ಲ’ ಎಂದು ಬರೆದು ಅಡಿಗೆರೆ ಎಳೆದಳು.

ಎಳೆದ ಮೇಲೆ ಕಣ್ಣು ಒಂದು ಕಡೆ ನಿಂತಿತು. ಎಂಟಕ್ಕೆ ಮೂರು ಕೂಡಿದಲ್ಲಿ ಹನ್ನೊಂದು ಎಂದು ಸರಿಯಾಗಿಯೇ ಬರೆದಿದ್ದಾಳೆ. ನಾಲ್ಕು ಸಾಲು ಕೆಳಗೆ ಮೂರಕ್ಕೆ ಎಂಟು ಕೂಡಿದಲ್ಲಿ ಹನ್ನೆರಡು! ಒಂದೇ ಲೆಕ್ಕ, ಎರಡು ಉತ್ತರ. ಇದೆಂಥ ಹುಚ್ಚಾಟ ಎಂದುಕೊಂಡು ಗುರುಲಿಂಗಮ್ಮ ಹಾಳೆಯನ್ನು ಮೊದಲಿನಿಂದ ನೋಡಿದಳು. ಒಂಬತ್ತಕ್ಕೆ ನಾಲ್ಕು, ಸರಿ. ನಾಲ್ಕಕ್ಕೆ ಒಂಬತ್ತು, ತಪ್ಪು. ಏಳಕ್ಕೆ ಎರಡು ಸರಿ, ಎರಡಕ್ಕೆ ಏಳು ತಪ್ಪು. ಎರಡನೆಯ ಅಂಕಿ ಆರರ ಒಳಗಿದ್ದಲ್ಲಿ ಒಂದೂ ತಪ್ಪಿಲ್ಲ. ಏಳು, ಎಂಟು, ಒಂಬತ್ತು ಇದ್ದಲ್ಲಿ ಬಹುತೇಕ ಎಲ್ಲವೂ ತಪ್ಪು. ಅದೂ ಒಂದು ಹೆಚ್ಚು, ಇಲ್ಲವೇ ಒಂದು ಕಡಿಮೆ. ಅದಕ್ಕಿಂತ ಆಚೆ ಹೋಗಿಲ್ಲ.

ಗಮನವಿಲ್ಲದವರ ತಪ್ಪು ಹೀಗೆ ಸಾಲುಹಿಡಿದು ಕೂರುವುದಿಲ್ಲ. ಗುರುಲಿಂಗಮ್ಮನಿಗೆ ಖುಷಿಯೇ ಆಯಿತು. ರೋಗ ಸಿಕ್ಕಿತು, ಇನ್ನು ಮದ್ದು ಕೊಡುವುದೆಷ್ಟರ ಮಾತು ಎಂದುಕೊಂಡು ಹುಡುಗಿಯನ್ನು ಕೂಗಿದಳು.

“ಪಂಪೀ, ಖರೇ ಹೇಳು. ಬೆರಳು ಎಣಿಸ್ತೀಯೇನು?”

ಪಂಪಮ್ಮನ ಎಡಗೈ ತಟ್ಟನೆ ಲಂಗದ ಮಡಿಕೆಯೊಳಗೆ ಹೋಯಿತು. ಬೆರಳು ಎಣಿಸಿದವರ ಗೆಣ್ಣಿಗೆ ಗುರುಲಿಂಗಮ್ಮನ ರೂಲುಕಟ್ಟಿಗೆ ಬೀಳುತ್ತಿತ್ತು. ಹುಡುಗಿಯರೆಲ್ಲ ಕೈ ಬಚ್ಚಿಟ್ಟುಕೊಂಡೇ ಎಣಿಸುವುದನ್ನು ಕಲಿತಿದ್ದರು.

“ಹೊಡಿಯೋದಿಲ್ಲ, ತೋರಿಸವ್ವ.”

“ಮೊದಲಿನ ಅಂಕಿ ಮನಸ್ಸಿನಾಗ ಇಟ್ಕೊಂತೀನ್ರಿ ಅಕ್ಕೋರ. ಎರಡನೇದು ಗೆಣ್ಣಿನ ಮ್ಯಾಲ ಎಣಿಸ್ತೀನ್ರಿ.” ಅವಳು ಎಡಗೈ ಹೊರತೆಗೆದು ಹೆಬ್ಬೆರಳನ್ನು ಗೆಣ್ಣುಗಳ ಮೇಲೆ ಓಡಿಸಿದಳು. ಬೆರಳಿಗೆ ಮೂರು ಗೆಣ್ಣು. ತೋರುಬೆರಳಿನಲ್ಲಿ ಮೂರು, ನಡುಬೆರಳಿನಲ್ಲಿ ಆರು, ಉಂಗುರ ಬೆರಳಿನಲ್ಲಿ ಒಂಬತ್ತು. ಎಂಟು ಬಂದು ನಿಲ್ಲುವುದು ಉಂಗುರ ಬೆರಳಿನ ನಡುಗೆಣ್ಣಿನ ಮೇಲೆ.

“ಮೂರಕ್ಕ ಎಂಟು ಕೂಡಿಸು.”

ಹುಡುಗಿ ಕೈ ನೋಡಿಕೊಂಡು ಎಣಿಸಿದಳು. “ಹನ್ನೊಂದ್ರಿ.”

“ಈಗ ಕಣ್ಣು ಮುಚ್ಚಿ ಎಣಿಸು.”

ಹೆಬ್ಬೆರಳು ತೋರುಬೆರಳನ್ನು ದಾಟಿತು, ನಡುಬೆರಳನ್ನು ದಾಟಿತು. ಉಂಗುರ ಬೆರಳಿಗೆ ಬಂದದ್ದೇ ತಡ, ಕತ್ತಲಲ್ಲಿ ಮೆಟ್ಟಿಲು ಹುಡುಕುವವರ ಕಾಲಿನಂತೆ ತಡವರಿಸಿತು. “ಹನ್ನೆರಡ್ರಿ,” ಎಂದಳು.

ಗುರುಲಿಂಗಮ್ಮ ಆಗ ಮೊದಲ ಸಲ ಆ ಕೈಯನ್ನು ಸರಿಯಾಗಿ ನೋಡಿದಳು. ಉಂಗುರ ಬೆರಳೂ ಕಿರುಬೆರಳೂ ಒಳಕ್ಕೆ ತುಸು ಬಾಗಿದ್ದವು. ನೆಟ್ಟಗೆ ಚಾಚು ಎಂದರೆ ಚಾಚಲಿಲ್ಲ. ಕಿರುಬೆರಳ ಮೇಲೆ ಒಂದು ಸುಟ್ಟ ಬೊಕ್ಕೆ.

“ಇದೇನ?”

“ರೊಟ್ಟಿ ಹಂಚು ತಾಗಿತ್ರಿ. ಅವ್ವ ನೋಡಿ ಚೀರಿದ ಮ್ಯಾಲೇ ನನಗ ಗೊತ್ತಾತು. ಒಂಚೂರೂ ಉರಿ ಆಗ್ಲಿಲ್ರಿ,” ಎಂದು ಹುಡುಗಿ ದೊಡ್ಡ ಸಾಹಸ ಮಾಡಿದವಳಂತೆ ನಕ್ಕಳು.

ಗುರುಲಿಂಗಮ್ಮ ಆ ಕೈಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು. ಕಣ್ಣು ಮುಚ್ಚಿಸಿ, ಲೇಖಣಿಯ ಮೊನೆಯನ್ನು ಕಿರುಬೆರಳಿಗೆ ಒತ್ತಿದಳು. ಹುಡುಗಿ ಸುಮ್ಮನಿದ್ದಳು. ಇನ್ನೂ ಒತ್ತಿದಳು. “ಚುಚ್ಚಿದ್ರೇನ್ರಿ?” ಎಂದು ಪಂಪಮ್ಮ ಕೇಳಿದಾಗ ಅಲ್ಲಿ ರಕ್ತದ ಹನಿ ಮೂಡಿತ್ತು. ತೋಳು ಸರಿಸಿ ನೋಡಿದರೆ ಮೊಣಕೈ ಹತ್ತಿರ ಮಾಸಲು ಬಣ್ಣದ ಮಚ್ಚೆ.

ಈ ಕೈ ಗುರುಲಿಂಗಮ್ಮನಿಗೆ ಹೊಸದಲ್ಲ. ಅವಳ ಸೋದರಮಾವ ಮಸ್ಕಿಯ ಗುಡ್ಡದ ಕೆಳಗೆ, ಊರ ಹೊರಗಿನ ಗುಡಿಸಲಲ್ಲಿ ಸತ್ತಿದ್ದ. ಚಿಕ್ಕವಳಿದ್ದಾಗ ದೂರದಿಂದ ಅನ್ನದ ಗಡಿಗೆ ಇಟ್ಟು ಓಡಿಬರುತ್ತಿದ್ದಳು. ಗಡಿಗೆ ಎತ್ತಿಕೊಳ್ಳುತ್ತಿದ್ದ ಕೈಯ ಕೊನೆಯ ಎರಡು ಬೆರಳು ಹೀಗೇ ಬಾಗಿದ್ದವು. ಊರವರು ದೊಡ್ಡ ರೋಗ ಎನ್ನುತ್ತಿದ್ದರು. ಕುಷ್ಠ ಎಂಬ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ರಾಯಚೂರಿನ ವಸತಿಗೆ ಸೇರಬೇಕಾದರೆ ದವಾಖಾನೆಯ ಡಾಕ್ಟರರು ಮೈಕೈ ನೋಡುತ್ತಾರೆ. ಹುಡುಗಿ ಗೆದ್ದರೂ ಬಾಗಿಲಲ್ಲೇ ತಡೆಯುತ್ತಾರೆ. ಬಳಗಾನೂರಿನವರಂತೂ ಸುದ್ದಿ ಮುಟ್ಟಿದ ದಿನವೇ ಸಂಬಂಧ ಮುರಿಯುತ್ತಾರೆ.

“ಅಕ್ಕೋರ, ಎಷ್ಟು ತಪ್ಪು ಬಂದಾವ್ರಿ? ನಾ ರಾಯಚೂರಿಗೆ ಹೋಗೋದಿಲ್ಲೇನ್ರಿ?”

ಗುರುಲಿಂಗಮ್ಮ ತನಗೆ ಬರುತ್ತಿದ್ದ ಒಂದೇ ಕೆಲಸ ಮಾಡಿದಳು. ಪಾಠ ಹೇಳಿದಳು. “ದೊಡ್ಡ ಅಂಕಿ ಎಲ್ಲೇ ಇರಲಿ, ಅದನ್ನ ಮನಸ್ಸಿನಾಗ ಇಟ್ಕೊ. ಸಣ್ಣದನ್ನ ಎಣಿಸು.” ಕೊಳಗದ ಮೇಲೆ ಬಟ್ಟಲು ಬಿಟ್ಟಳು. ಪಂಪಮ್ಮನ ಲೇಖಣಿ ಹಾರಿತು. ಬಟ್ಟಲು ಮುಳುಗುವ ಮೊದಲೇ ಹಾಳೆ ಮುಗಿದಿತ್ತು. ಏಳಕ್ಕೆ ಎಂಟು, ಎಂಟಕ್ಕೆ ಒಂಬತ್ತು, ಹೀಗೆ ಎರಡೂ ದೊಡ್ಡವಿದ್ದಲ್ಲಿ ಮಾತ್ರ ತಪ್ಪು. ಅವನ್ನು ಹಿಂದುಮುಂದು ಮಾಡಿದರೂ ಸಿಗುವುದು ಅದೇ ಬೆರಳು.

“ಅವನ್ನ ಬಾಯಿಪಾಠ ಮಾಡ್ತೀನ್ರಿ. ಹಂಗಾದ್ರ ಒಂದೂ ತಪ್ಪೋದಿಲ್ಲ!” ಪಂಪಮ್ಮ ಕುಣಿದಳು.

ಕರೆದೊಯ್ಯಲು ವೀರಭದ್ರಮ್ಮ ಬಂದಾಗ ಗುರುಲಿಂಗಮ್ಮ ಅವಳನ್ನು ಬೇವಿನ ಮರದ ಕೆಳಗೆ ಕರೆದು, ಬೆರಳಿನಿಂದ ಹಿಡಿದು ರಾಯಚೂರಿನ ಡಾಕ್ಟರರ ತಪಾಸಣೆಯವರೆಗೆ ಎಲ್ಲ ಹೇಳಿದಳು. ವೀರಭದ್ರಮ್ಮ ಅಳಲಿಲ್ಲ. ಹಂಚಿನ ಮೇಲೆ ಬೆರಳು ಸುಡುತ್ತಿದ್ದರೂ ಮಗಳು ಸುಮ್ಮನಿದ್ದ ದಿನವೇ ಆ ತಾಯಿಗೆ ತಿಳಿದುಹೋಗಿತ್ತು.

“ಔಷಧ ಐತೇನ್ರಿ?”

“ದೂರದಾಗ ಒಂದು ದವಾಖಾನಿ ಐತಂತ. ಎಣ್ಣೀ ಸೂಜಿ ಹಾಕ್ತಾರಂತ. ಕೆಲವರಿಗೆ ನಿಲ್ತೈತಂತ, ಕೆಲವರಿಗೆ ಇಲ್ಲ. ಬಾಗಿದ ಬೆರಳು ಮಾತ್ರ ನೆಟ್ಟಗ ಆಗೋದಿಲ್ಲಂತಾರವ್ವ.”

“ನಾ ರಾಯಚೂರಿಗೆ ಹೂಂ ಅಂದದ್ದು ಅದಕ್ಕರೀ,” ಎಂದಳು ವೀರಭದ್ರಮ್ಮ. “ಊರಾಗ ಯಾರ ಕಣ್ಣಿಗೂ ಬೀಳಬಾರದು ಅಂತ. ಯಾರಿಗೂ ಹೇಳಬ್ಯಾಡ್ರಿ ಅಕ್ಕೋರ. ನಿಮ್ಮ ಕಾಲು ಬೀಳ್ತೀನಿ. ನಾಳೆಯಿಂದ ಅಕಿ ಸಾಲಿಗೆ ಬರೋದಿಲ್ಲ.”

ಗುರುಲಿಂಗಮ್ಮನಿಗೆ ಬೈಯಲು ಯಾರೂ ಸಿಗಲಿಲ್ಲ. ಅವಳು ಒಳಗೆ ಬಂದು ಮೊದಲ ಹಾಳೆಯ ಮೇಲಿನ ‘ಗಮನವಿಲ್ಲ’ವನ್ನು ಹೊಡೆದುಹಾಕಿದಳು. ಹುಡುಗಿ ಇದ್ದಬದ್ದ ಗಮನವನ್ನೆಲ್ಲ ಆ ಸತ್ತ ಬೆರಳಿನ ಮೇಲೆ ಇಟ್ಟಿದ್ದಳು.

ವೀರಭದ್ರಮ್ಮ ಮಗಳ ಎಡಗೈಯನ್ನು ತನ್ನ ಸೆರಗಿನೊಳಗೆ ಮುಚ್ಚಿಕೊಂಡು ರಸ್ತೆಗಿಳಿದಳು. ಪಂಪಮ್ಮ ಜಿಗಿಯುತ್ತ ಹೋಗುತ್ತಿದ್ದಳು. ಅವಳ ದನಿ ಪಡಸಾಲೆಯವರೆಗೂ ಕೇಳುತ್ತಿತ್ತು: “ಏಳೂ ಎಂಟು ಹದಿನೈದು, ಎಂಟೂ ಎಂಟು ಹದಿನಾರು, ಎಂಟೂ ಒಂಬತ್ತು ಹದಿನೇಳು…” ಗುರುಲಿಂಗಮ್ಮ ಕೆಂಪು ಲೇಖಣಿ ಹಿಡಿದು ಕೇಳುತ್ತ ಕೂತಳು. ಎಲ್ಲವೂ ಸರಿಯಾಗಿತ್ತು.