ನಡುವಿನ ಎರಡು ಅಂಕಿ

ಶಿವಮೊಗ್ಗದ ವಿನೋಬನಗರದ ಕೋಚಿಂಗ್ ಸೆಂಟರಿನ ಗಣಿತದ ಮೇಷ್ಟ್ರು ಜ್ಞಾನೇಶ್ ಘನಮೂಲ ಹೇಳುವ ವೇಗದ ಮುಂದೆ ಸಿಡಿಲು ಎತ್ತಿನಗಾಡಿ. ಹತ್ತು ಲಕ್ಷದೊಳಗಿನ ಸಂಖ್ಯೆ ಎದುರಿನವರ ಬಾಯಿಂದ ಅರ್ಧ ಹೊರಬಂದಿರುತ್ತಿತ್ತು, ಅಷ್ಟರಲ್ಲಿ ಉತ್ತರ ಅವರ ಕಿವಿಯೊಳಗೆ ಕೂತು ಕಾಲು ಚಾಚಿರುತ್ತಿತ್ತು. ಅವನು ತರಗತಿಗೆ ಬಂದರೆ ಕ್ಯಾಲ್ಕುಲೇಟರುಗಳು ನಾಚಿ ತಾವೇ ಆರಿಹೋಗುತ್ತಿದ್ದವು ಎಂದು ದುರ್ಗಿಗುಡಿಯವರೆಗೂ ಮಾತಿತ್ತು. ಆ ಮಾತನ್ನು ಹಬ್ಬಿಸಿದವನು ಜ್ಞಾನೇಶನೇ ಎಂಬುದು ಬೇರೆ ಸಂಗತಿ.

ಸೆಂಟರಿನ ಮಾಲೀಕ ಕೃಷ್ಣಪ್ಪ ಮೂಲತಃ ಅಡಿಕೆ ಬೆಳೆಗಾರ. ಬ್ಯಾಂಕು, ರೈಲ್ವೆ, ಪೊಲೀಸ್ ಪರೀಕ್ಷೆಗಳೂ ಒಳ್ಳೆಯ ಫಸಲೇ ಎಂದು ಕಂಡುಕೊಂಡಿದ್ದವರು. ಈಗ ಅವರ ಕಣ್ಣು ಭದ್ರಾವತಿಯ ಮೇಲಿತ್ತು.

"ಜನ್ನಾಪುರದಲ್ಲಿ ಒಂದು ಫ್ರೀ ಡೆಮೊ ಕ್ಲಾಸ್ ಮಾಡು ಮಾರಾಯ. ಒಂದು ಬ್ಯಾಚ್ ತುಂಬಿದ್ರೆ ಅಲ್ಲಿ ಬ್ರಾಂಚ್. ಬೋರ್ಡ್ ಮೇಲೆ ನಿನ್ನ ಹೆಸರು."

"ತುಂಬದಿದ್ರೆ ಸರ್?"

"ನಮ್ಮ ಸೆಂಟರಿನ ಜೆರಾಕ್ಸ್ ಮಷಿನ್ ಮುಂದೆ ಒಬ್ಬ ಬೇಕು ಅಂತಿದ್ರು. ನಿನ್ನ ಅಲ್ಲಿ ನಿಲ್ಲಿಸ್ತೀನಿ."

ಹೆಸರು ಬೋರ್ಡಿಗೇರುವುದೆಂದರೆ ಜ್ಞಾನೇಶನ ಪಾಲಿಗೆ ಮೈಸೂರಿನ ಸಿಂಹಾಸನವನ್ನು ಮನೆಬಾಗಿಲಿಗೆ ತಂದು ಇಳಿಸಿದಂತೆ. ಅವನೇ ನಿಂತು ಬ್ಯಾನರ್ ಮಾಡಿಸಿದ: "ಹತ್ತು ಲಕ್ಷದೊಳಗೆ ಯಾವುದೇ ಸಂಖ್ಯೆ! ಎರಡೇ ಸೆಕೆಂಡಿನಲ್ಲಿ ಘನಮೂಲ! ರಹಸ್ಯ ವಿದ್ಯೆ, ಆರು ವಾರದ ಕೋರ್ಸ್!" ಅವನ ಫೋಟೊ ಎಷ್ಟು ದೊಡ್ಡದಾಗಿತ್ತೆಂದರೆ ಅದರ ಮೂಗಿನ ನೆರಳಿನಲ್ಲಿ ಎರಡು ಆಟೊ ನಿಲ್ಲಿಸಬಹುದಿತ್ತು.

ಭಾನುವಾರ ಜನ್ನಾಪುರದ ಒಂದು ಮಹಡಿ ಹಾಲಿನಲ್ಲಿ ಅರ್ಧ ಭದ್ರಾವತಿ ಬಂದು ಕೂತಿತ್ತು. ಇನ್ನರ್ಧ ಮೆಟ್ಟಿಲ ಮೇಲಿತ್ತು. ಅಂದರೆ ಐವತ್ತು ಜನ.

"ಎರಡಂಕಿಯ ಒಂದು ಸಂಖ್ಯೆ ಮನಸ್ಸಲ್ಲಿ ಇಟ್ಕೊಳ್ಳಿ. ಮೊಬೈಲಲ್ಲಿ ಅದನ್ನ ಅದರಿಂದಲೇ ಗುಣಿಸಿ. ಬಂದಿದ್ದನ್ನ ಮತ್ತೊಮ್ಮೆ ಅದೇ ಸಂಖ್ಯೆಯಿಂದ ಗುಣಿಸಿ. ಉತ್ತರ ಮಾತ್ರ ಹೇಳಿ, ಉಳಿದಿದ್ದು ನನಗೆ ಬಿಡಿ," ಎಂದ ಜ್ಞಾನೇಶ್.

ಹಿಂದಿನ ಸಾಲಿನಲ್ಲಿ ಸುಪ್ರಿಯಾ ಎದ್ದಳು. ಜನ್ನಾಪುರದವಳೇ, ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದವಳು. ಮೊಬೈಲ್ ನೋಡಿಕೊಂಡು ಒಂದೊಂದೇ ಅಂಕಿ ಓದತೊಡಗಿದಳು: "ಒಂದು, ಏಳು, ಐದು..."

ಅಷ್ಟಕ್ಕೇ ಕೆಳಗಿನ ರಸ್ತೆಯಲ್ಲಿ ಒಂದು ಖಾಸಗಿ ಬಸ್ಸು ಹಾರನ್ ಬಾರಿಸಿತು. ಆ ಹಾರನ್ನಿಗೆ ಭದ್ರಾ ಅಣೆಕಟ್ಟೆಯೇ ಒಮ್ಮೆ ಬೆಚ್ಚಿಬಿದ್ದಿರಬೇಕು. ಅವಳ ತುಟಿ ಎರಡು ಸಲ ಆಡಿದ್ದಷ್ಟೇ ಕಂಡಿತು, ಆ ಎರಡು ಅಂಕಿಗಳನ್ನು ಹಾರನ್ನು ಪೂರ್ತಿ ನುಂಗಿತು. ಸದ್ದು ನಿಂತಾಗ ಕೇಳಿಸಿದ್ದು ಕೊನೆಯ "ಆರು" ಮಾತ್ರ.

ಯಾರಾದರೂ ಜಾಣನಾಗಿದ್ದರೆ "ಇನ್ನೊಮ್ಮೆ ಹೇಳಮ್ಮ" ಎನ್ನುತ್ತಿದ್ದ. ಆದರೆ ಜ್ಞಾನೇಶನ ನಾಲಿಗೆ ಅವನಿಗಿಂತ ಒಂದು ಸ್ಟಾಪ್ ಮುಂಚೆಯೇ ಇಳಿಯುವಂಥದ್ದು.

"ಐವತ್ತಾರು!"

ಸುಪ್ರಿಯಾ ಕಣ್ಣರಳಿಸಿದಳು. "ಸರಿ ಸರ್!"

ಚಪ್ಪಾಳೆಗೆಂದು ಜ್ಞಾನೇಶ್ ತಲೆ ಬಾಗಿಸಿದ. ಚಪ್ಪಾಳೆ ಬರಲಿಲ್ಲ. ಮಗನನ್ನು ಸೇರಿಸಲು ಬಂದಿದ್ದ ಲಿಂಗಪ್ಪ ಎದ್ದು ನಿಂತಿದ್ದರು.

"ಅಲ್ಲಪ್ಪಾ, ಪಕ್ಕದಲ್ಲಿ ಕೂತ ನನಗೇ ಆ ನಂಬರ್ ಕೇಳಿಸ್ಲಿಲ್ಲ. ಅಷ್ಟು ದೂರದಲ್ಲಿರೋ ನಿಂಗೆ ಹೆಂಗೆ ಕೇಳಿಸ್ತು?"

"ಕೇಳಿಸ್ಲಿಲ್ಲ ಸರ್," ಎಂದ ಜ್ಞಾನೇಶ್ ಹೆಮ್ಮೆಯಿಂದ. ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಹೊಳೆಯಿತು.

"ಕೇಳ್ರಪ್ಪೋ! ಕೇಳಿಸ್ದೇ ಉತ್ತರ ಹೇಳ್ತಾನಂತೆ! ಬೆಳಿಗ್ಗೆ ಇವರಿಬ್ಬರೂ ಶಿವಮೊಗ್ಗದ ಬಸ್ಸಿಂದ ಒಟ್ಟಿಗೇ ಇಳಿದಿದ್ದು ನಾನೇ ಕಣ್ಣಾರೆ ನೋಡಿದೀನಿ. ಇದು ಮ್ಯಾಚ್ ಫಿಕ್ಸಿಂಗ್!"

"ನೆಂಟರ ಮನೆಯಿಂದ ವಾಪಸ್ ಬರ್ತಿದ್ದೆ, ಆ ಬಸ್ಸಲ್ಲಿ ನಲವತ್ತು ಜನ ಇಳಿದ್ರು ಲಿಂಗಪ್ಪಣ್ಣ!" ಸುಪ್ರಿಯಾ ಕೆಂಡವಾದಳು. "ಅವರೆಲ್ಲರ ಜೊತೆಗೂ ಫಿಕ್ಸಿಂಗಾ? ಸರ್, ನೀವೇ ಹೇಳಿ, ನಿಮಗೆ ಹೇಗೆ ಗೊತ್ತಾಯ್ತು?"

"ಬೇರೆ ಯಾರಾದ್ರೂ ಇನ್ನೊಂದು ಸಂಖ್ಯೆ ಕೊಡಿ..."

"ಅವರನ್ನೂ ನೀನೇ ಕರ್ಕೊಂಡು ಬಂದಿರ್ತೀಯ," ಎಂದರು ಲಿಂಗಪ್ಪ. "ಕೇಳಿಸ್ದೇ ಇದ್ದ ಅಂಕಿ ಇಲ್ದೆ ಉತ್ತರ ಹೆಂಗೆ ಬಂತು? ಅದನ್ನ ಹೇಳು. ಇಲ್ಲಾಂದ್ರೆ ನಡೀರಿ ಎಲ್ಲ."

ಕುರ್ಚಿಗಳು ಕಿರುಗುಟ್ಟಿದವು. ಬಾಗಿಲ ಬಳಿ ನಿಂತಿದ್ದ ಕೃಷ್ಣಪ್ಪ ಹೇಳಬೇಡ ಎಂದು ಕಣ್ಣಿನಿಂದ, ಕೈಯಿಂದ, ಕೊನೆಗೆ ಹೊಟ್ಟೆಯಿಂದಲೂ ಸನ್ನೆ ಮಾಡುತ್ತಿದ್ದರು. ಹೇಳಿದರೆ ಆರು ವಾರದ ರಹಸ್ಯ ಬೀದಿಪಾಲು. ಹೇಳದಿದ್ದರೆ ಮೋಸಗಾರನೆಂಬ ಹೆಸರು. ಬೋರ್ಡಿನ ಮೇಲಿನ ತನ್ನ ಹೆಸರು ಎರಡೂ ದಾರಿಯಲ್ಲಿ ಅಳಿಸಿಹೋಗುವುದನ್ನು ಕಂಡ ಜ್ಞಾನೇಶ್ ಸೀಮೆಸುಣ್ಣ ಎತ್ತಿಕೊಂಡ.

ಒಂದರಿಂದ ಒಂಬತ್ತರವರೆಗಿನ ಘನಗಳನ್ನು ಹಲಗೆಯ ಮೇಲೆ ಬರೆದ: 1, 8, 27, 64, 125, 216, 343, 512, 729.

"ಕೊನೆಯ ಅಂಕಿಗಳನ್ನ ನೋಡಿ. ಒಂದರ ಹಾಗೆ ಇನ್ನೊಂದಿಲ್ಲ. ಎರಡರ ಘನ ಎಂಟರಲ್ಲಿ ಮುಗಿಯುತ್ತೆ, ಎಂಟರದ್ದು ಎರಡರಲ್ಲಿ. ಮೂರು, ಏಳು ಕೂಡ ಹಾಗೇ ಅದಲುಬದಲು. ಉಳಿದವು ತಮ್ಮಲ್ಲೇ ಮುಗಿಯುತ್ತವೆ, ಸೊನ್ನೆಗೆ ಸೊನ್ನೆ. ಇವರ ಸಂಖ್ಯೆಯ ಕೊನೆ ಆರು, ಅಂದ್ರೆ ಮೂಲದ ಕೊನೆಯೂ ಆರು."

"ಸರಿ, ಮೊದಲನೇ ಅಂಕಿ ಐದು ಹೆಂಗೆ ಬಂತು?" ಎಂದರು ಲಿಂಗಪ್ಪ.

"ಕೊನೆಯ ಮೂರು ಅಂಕಿ ಮುಚ್ಚಿಬಿಡಿ. ಉಳಿಯೋದು ನೂರಾ ಎಪ್ಪತ್ತೈದು. ಅದರೊಳಗೆ 125 ಹಿಡಿಯುತ್ತೆ, 216 ಹಿಡಿಯಲ್ಲ. 125 ಐದರ ಘನ. ಐದು, ಆರು. ಐವತ್ತಾರು. ನಡುವಿನ ಎರಡು ಅಂಕಿ ಬರೀ ಊಟಕ್ಕೆ ಬಂದ ನೆಂಟರು. ಅವರನ್ನ ಯಾರೂ ಮಾತಾಡಿಸೋದೇ ಇಲ್ಲ."

ಲಿಂಗಪ್ಪ ಮಗನಿಂದ ಒಂದು ಸಂಖ್ಯೆ ಹೇಳಿಸಿದರು: ನಾಲ್ಕು ಲಕ್ಷದ ಐದು ಸಾವಿರದ ಇನ್ನೂರ ಇಪ್ಪತ್ತನಾಲ್ಕು. ಬೆರಳು ಮಡಚಿದರು. "ಕೊನೆ ನಾಲ್ಕಕ್ಕೆ ನಾಲ್ಕು. ನಾನೂರೈದರೊಳಗೆ 343 ಇದೆ, 512 ಇಲ್ಲ. ಏಳು. ಎಪ್ಪತ್ತನಾಲ್ಕೇನೋ?" ಮಗ ಹೌದೆಂದ. ಲಿಂಗಪ್ಪನವರ ಮುಖದಲ್ಲಿ ಮೂಡಿದ ಬೆಳಕಿಗೆ ಹಾಲಿನ ಟ್ಯೂಬ್‌ಲೈಟು ಮಂಕಾಯಿತು.

ಐದೇ ನಿಮಿಷದಲ್ಲಿ ಹಾಲ್ ತುಂಬ ಘನಮೂಲಗಳು ಹುರಿದ ಜೋಳದಂತೆ ಸಿಡಿಯತೊಡಗಿದವು. ಜನ ಏಳತೊಡಗಿದರು.

"ಬಂತಲ್ಲ. ಇನ್ನೇನು ಕೋರ್ಸು?"

ಕೃಷ್ಣಪ್ಪ ಹತ್ತಿರ ಬಂದು ಹಲ್ಲು ಕಡಿದರು. "ಗೊನೆ ಇಳಿಸಿ ರಸ್ತೇಲಿ ಹಂಚಿಬಿಟ್ಟೆಯಲ್ಲೋ!"

ಜ್ಞಾನೇಶನ ಮೂಗಿಗೆ ಜೆರಾಕ್ಸ್ ಮಷಿನ್ನಿನ ಬಿಸಿ ವಾಸನೆ ಬಡಿಯಿತು. ಆಗ ಸುಪ್ರಿಯಾ ಮತ್ತೆ ಎದ್ದಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಸರ್, ನಡುವಿನ ಅಂಕಿ ಯಾರೂ ನೋಡಲ್ಲ ಅಂದ್ರಿ. ನನ್ನ ಸಂಖ್ಯೆ 1,75,616. ಈಗ ನಡುವಿನ ಎರಡನ್ನೂ ಸೊನ್ನೆ ಮಾಡ್ತೀನಿ. 1,75,006. ಇದಕ್ಕೂ ಐವತ್ತಾರೇ ಬರುತ್ತಲ್ಲ?"

ಎದ್ದವರು ಅರ್ಧದಲ್ಲೇ ನಿಂತರು. ಲಿಂಗಪ್ಪ ಮೊಬೈಲ್ ಒತ್ತಿ ಒತ್ತಿ ನೋಡಿದರು. ಐವತ್ತಾರರ ಘನ 1,75,616 ಬಿಟ್ಟು ಬೇರೇನೂ ಆಗಲು ಒಪ್ಪಲಿಲ್ಲ.

"ಎರಡನೇ ಸಂಖ್ಯೆಗೆ ಐವತ್ತಾರು ಸುಳ್ಳು ಉತ್ತರ! ಬ್ಯಾನರಲ್ಲಿ ಯಾವುದೇ ಸಂಖ್ಯೆ ಅಂತ ಹಾಕಿದೀಯ!"

ಬ್ಯಾನರಿನ ಆ ಎರಡು ಪದ ಜ್ಞಾನೇಶನ ಸ್ವಂತ ಕೊಡುಗೆ. "ಇದು... ಪೂರ್ಣ ಘನಗಳಿಗೆ ಮಾತ್ರ," ಎಂದ, ಜೀವಮಾನದಲ್ಲೇ ಮೊದಲ ಸಲ ಮೆಲ್ಲನೆ. "ಒಂದು ಪೂರ್ಣಸಂಖ್ಯೆಯನ್ನ ಅದರಿಂದಲೇ ಎರಡು ಸಲ ಗುಣಿಸಿ ಬಂದಿದ್ದಕ್ಕೆ ಮಾತ್ರ."

"ಪರೀಕ್ಷೇಲಿ ಕೊಟ್ಟಿದ್ದು ಪೂರ್ಣ ಘನ ಹೌದೋ ಅಲ್ವೋ ಅಂತ ಹೇಗೆ ಗೊತ್ತಾಗುತ್ತೆ ಸರ್?" ಎಂದಳು ಸುಪ್ರಿಯಾ.

ಜ್ಞಾನೇಶನಿಗೆ ಆ ಪ್ರಶ್ನೆ ಇದುವರೆಗೆ ಹೊಳೆದೇ ಇರಲಿಲ್ಲ. ಆದರೆ ನಾಲಿಗೆ ಎಂದಿನಂತೆ ಒಂದು ಸ್ಟಾಪ್ ಮುಂಚೆ ಇಳಿಯಿತು.

"ಅದು ಕೋರ್ಸಿನಲ್ಲಿದೆ."

ಕುರ್ಚಿಗಳು ಮತ್ತೆ ಕಿರುಗುಟ್ಟಿದವು, ಈ ಸಲ ಕೂರುವ ಸದ್ದು. ಸುಳ್ಳು ಸಂಖ್ಯೆಯನ್ನು ಹಿಡಿಯುವ ವಿದ್ಯೆ ಎಂದರೆ ಭದ್ರಾವತಿಯಲ್ಲಿ ಯಾರಿಗೆ ಬೇಡ? ಲಿಂಗಪ್ಪನವರೇ ಮಗನ ಹೆಸರನ್ನು ಮೊದಲು ಬರೆಸಿದರು. ಬ್ಯಾಚ್ ತುಂಬಿ ಮೆಟ್ಟಿಲವರೆಗೆ ಚೆಲ್ಲಿತು. ಸುಪ್ರಿಯಾ ಹೆಸರು ಕೊಟ್ಟು, ಮುಂದಿನ ಸಾಲೇ ಬೇಕೆಂದಳು.

ಶಿವಮೊಗ್ಗಕ್ಕೆ ಮರಳುವ ಬಸ್ಸಿನಲ್ಲಿ ಜ್ಞಾನೇಶ್ ಆ ಕೋರ್ಸಿನಲ್ಲಿ ಏನಿದೆ ಎಂದು ಹುಡುಕಿದ. ಉತ್ತರ ಒಂದೇ ಹೊಳೆಯಿತು: ಬಂದ ಮೂಲವನ್ನು ಕೂತು ಅದರಿಂದಲೇ ಎರಡು ಸಲ ಗುಣಿಸಿ ನೋಡುವುದು. ಅದಕ್ಕೆ ಎರಡು ಸೆಕೆಂಡು ಸಾಲದು.

ಕೃಷ್ಣಪ್ಪ ಮಾತಿಗೆ ತಪ್ಪಲಿಲ್ಲ. ಜನ್ನಾಪುರದಲ್ಲಿ ಬೋರ್ಡ್ ಏರಿತು, ಆನೆಗಾತ್ರದ ಅಕ್ಷರದಲ್ಲಿ ಜ್ಞಾನೇಶನ ಹೆಸರು. ಲಿಂಗಪ್ಪ ಹಟ ಹಿಡಿದು ಅದರ ಕೆಳಗೆ ಬರೆಸಿದ ಸಾಲೊಂದಿತ್ತು: "ಪೂರ್ಣ ಘನಗಳಿಗೆ ಮಾತ್ರ".

ಬಸ್ಸಿಗೆ ಕಾಯುವವರು ಹೆಸರಿನ ಕೆಳಗಿನ ಆ ಸಾಲನ್ನು ಯಾವುದೋ ಪದವಿ ಎಂದುಕೊಂಡು, ಮೇಷ್ಟ್ರು ಭಾರೀ ಡಿಗ್ರಿ ಮಾಡಿದಾರೆ ಕಣ್ರಿ ಎನ್ನುತ್ತಾರೆ. ಜ್ಞಾನೇಶ್ ತಿದ್ದಲು ಹೋಗಿಲ್ಲ.