ಉಳಿಯುವವರ ಲೆಕ್ಕ

ಅವಳಿಗೆ ‘ಬ್ರೇಕು’ ಎಂದು ಹೆಸರಿಟ್ಟವರು ಭಾವ. ಮನೆಯಲ್ಲಿ ಯಾರು ಯಾವ ಹೊಸದಕ್ಕೆ ಕೈಹಾಕಿದರೂ ‘ಅದು ಸರಿ, ಆದರೆ’ ಎಂದು ಬಾಯಿ ತೆರೆಯುವವಳು ಅವಳೇ. ಲೆಕ್ಕಪತ್ರ ನೋಡುವ ಕೆಲಸದವಳು ಇನ್ನೇನು ಅನ್ನಬೇಕು ಹೇಳಿ? ಆದರೂ ಊಟದ ಮೇಜಿನ ಮುಂದೆ ಎಲ್ಲರೂ ‘ಬಂತಪ್ಪಾ ಬ್ರೇಕು’ ಎಂದು ನಗುವಾಗ ಒಳಗೆ ಎಲ್ಲೋ ಚುಚ್ಚುತ್ತಿತ್ತು. ಆದ್ದರಿಂದ ಬ್ಯಾಂಕಿಗೆ ಕೊಡಲು ಮೂರು ವರ್ಷದ ಆದಾಯದ ಅಂದಾಜು ಮಾಡು ಎಂದು ಅಕ್ಕ ಹೇಳಿದಾಗ, ಈ ಒಂದು ಸಲ ಯಾರಿಗೂ ಅಡ್ಡ ಬರಬಾರದು ಎಂದು ಅವಳು ಮನಸ್ಸಿನಲ್ಲೇ ನಿಶ್ಚಯಿಸಿಬಿಟ್ಟಿದ್ದಳು.

ಅಕ್ಕ ಫಿಸಿಯೋಥೆರಪಿಸ್ಟ್. ಮನೆಯ ಕೆಳಗಿನ ಅಂತಸ್ತಿನಲ್ಲಿ ಕ್ಲಿನಿಕ್ಕು, ಮೇಲೆ ಸಂಸಾರ: ಅಕ್ಕ, ಭಾವ, ಅಮ್ಮ, ಜೊತೆಗೆ ಇವಳು. ಎರಡು ವರ್ಷದ ಹಿಂದೆ ಅಕ್ಕ ಒಂದು ಆ್ಯಪ್ ಮಾಡಿಸಿದ್ದಳು. ಮಂಡಿನೋವು, ಸೊಂಟನೋವಿನವರಿಗೆ ಮನೆಯಲ್ಲೇ ಮಾಡುವ ವ್ಯಾಯಾಮವನ್ನು ಅದು ದಿನಾ ಹೇಳಿಕೊಡುತ್ತದೆ. ತಿಂಗಳ ಚಂದಾ ಮುನ್ನೂರು. ಇಡೀ ವರ್ಷದ್ದು ಒಟ್ಟಿಗೆ ಕಟ್ಟಿದರೆ ಅರ್ಧ ಬೆಲೆ. ಈ ಅರ್ಧ ಬೆಲೆಯ ಯೋಜನೆ ಹನ್ನೊಂದು ತಿಂಗಳ ಹಿಂದೆ ಶುರುವಾಗಿದ್ದೇ ತಡ, ಜನ ಮುಗಿಬಿದ್ದರು. ಈಗ ಒಟ್ಟು ಐದು ಸಾವಿರ ಚಂದಾದಾರರು.

ಅವಳ ಅಂದಾಜಿನ ಪ್ರಕಾರ ಇನ್ನು ಮೂರನೇ ವರ್ಷಕ್ಕೆ ಆ್ಯಪಿನ ಆದಾಯ ಇಂದಿನದರ ಐದು ಪಟ್ಟಿಗೂ ಹೆಚ್ಚು. ಭಾವ ಅದನ್ನು ನೋಡಿ, ‘ನಮ್ಮ ಬ್ರೇಕು ಆಕ್ಸಿಲರೇಟರ್ ಆಗಿದೆ’ ಎಂದು ಅವಳ ಬೆನ್ನು ತಟ್ಟಿದರು. ಅಕ್ಕ ಮನೆಯನ್ನೇ ಅಡವಿಟ್ಟು ದೊಡ್ಡ ಸಾಲ ಪಡೆದು, ಹೊಸ ಆಫೀಸು ಹಿಡಿದು ಹತ್ತು ಜನರನ್ನು ನೇಮಿಸುವುದೆಂದು ಗಟ್ಟಿ ಮಾಡಿದಳು. ಬ್ಯಾಂಕಿನವರು ಬಂದು ಮನೆಯ ಕೋಣೆ ಕೋಣೆಯನ್ನೂ ಟೇಪು ಹಿಡಿದು ಅಳೆದುಕೊಂಡು ಹೋದರು. ಸಹಿಗೆ ಶುಕ್ರವಾರ ನಿಗದಿಯಾಯಿತು.

ಮಂಗಳವಾರ ಬೆಳಿಗ್ಗೆ ಅವಳು ತಾನು ಲೆಕ್ಕ ಬರೆಯುವ ಕ್ಲಿನಿಕ್ಕಿನ ಹಿಂದಿನ ಕೋಣೆಗೆ ಹೋಗುವಾಗ, ಕಾಯುವ ಬೆಂಚಿನ ಮೇಲೆ ನಿವೃತ್ತ ಟೀಚರಮ್ಮ ಕೂತಿದ್ದರು. ಆ್ಯಪಿನ ಮೊದಮೊದಲ ಗಿರಾಕಿಗಳಲ್ಲಿ ಒಬ್ಬರು. ಈಗ ಕುತ್ತಿಗೆ ಹಿಡಿದುಕೊಂಡಿದೆಯೆಂದು ಬಂದಿದ್ದರು. ಮಂಡಿ ಹೇಗಿದೆ ಎಂದು ಇವಳು ಮಾತಿಗೆ ಕೇಳಿದಳು.

“ಮಂಡಿನಾ? ಅದು ಹೋಗಿ ಆರು ತಿಂಗಳಾಯ್ತಮ್ಮ. ನಿಮ್ಮ ಆ್ಯಪ್ ಬಲು ಚೆನ್ನಾಗಿದೆ. ಈಗ ತೆಗೆದೂ ನೋಡಲ್ಲ. ವರ್ಷದ್ದು ಕಟ್ಟಿದ್ದೀನಲ್ಲ, ಇರಲಿ ಪಾಪ ಅಂತ ಫೋನಲ್ಲಿ ಬಿದ್ದಿದೆ,” ಎಂದು ಅವರು ಸಂತೋಷದಿಂದಲೇ ಹೇಳಿದರು.

ಅವಳೂ ನಕ್ಕಳು. ನಗುತ್ತಲೇ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂತಳು. ಕೂತವಳೇ ಅಂದಾಜಿನ ಫೈಲು ತೆರೆದಳು.

ಚಂದಾ ವ್ಯಾಪಾರದಲ್ಲಿ ಎಷ್ಟು ಜನ ಬರುತ್ತಾರೆ ಎನ್ನುವುದಕ್ಕಿಂತ ಎಷ್ಟು ಜನ ಬಿಟ್ಟುಹೋಗುತ್ತಾರೆ ಎನ್ನುವುದೇ ಜೀವಾಳ. ಹೋದ ತಿಂಗಳು ಬಿಟ್ಟವರು ನೂರಾ ಎಂಟು ಜನ. ಅದನ್ನು ಅವಳು ಐದು ಸಾವಿರದಿಂದ ಭಾಗಿಸಿದ್ದಳು. ನೂರಕ್ಕೆ ಎರಡು ಚಿಲ್ಲರೆ. ಯಾರಾದರೂ ಶಹಬ್ಬಾಸ್ ಅನ್ನಬೇಕು, ಅಂಥ ಅಂಕಿ. ಆದರೆ ಆ ಐದು ಸಾವಿರದಲ್ಲಿ ಮೂರು ಸಾವಿರದ ಎಂಟುನೂರು ಜನ ವರ್ಷದ್ದು ಕಟ್ಟಿದವರು. ಅವರು ಬಿಡಬೇಕೆಂದರೂ ವರ್ಷ ತುಂಬುವ ತನಕ ಬಿಡುವಂತಿಲ್ಲ. ಅವರಲ್ಲಿ ಒಬ್ಬರ ವರ್ಷವೂ ಇನ್ನೂ ತುಂಬಿಲ್ಲ. ಬಿಟ್ಟ ನೂರಾ ಎಂಟು ಜನರೂ ತಿಂಗಳ ಚಂದಾದವರು, ಮತ್ತು ಅಂಥವರು ಇದ್ದದ್ದೇ ಸಾವಿರದ ಇನ್ನೂರು. ಹಾಗಾದರೆ ನೂರಕ್ಕೆ ಎರಡಲ್ಲ, ನೂರಕ್ಕೆ ಒಂಬತ್ತು.

ತಿಂಗಳಿಗೆ ನೂರಕ್ಕೆ ಎರಡು ಜನ ಹೋದರೆ ವರ್ಷದ ಕೊನೆಗೆ ಎಪ್ಪತ್ತೆಂಟು ಜನ ಉಳಿಯುತ್ತಾರೆ. ಒಂಬತ್ತು ಜನ ಹೋದರೆ ಮೂವತ್ತೆರಡೇ. ನೋವು ಹೋದವರು ಯಾಕಾದರೂ ಇರುತ್ತಾರೆ? ಅಕ್ಕನ ಆ್ಯಪ್ ಒಳ್ಳೆಯದಿದ್ದಷ್ಟೂ ಗಿರಾಕಿ ಬೇಗ ಕೈಬಿಡುತ್ತಾನೆ. ಇದು ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಹೊಳೆಯಲಿಲ್ಲವೋ, ಹೊಳೆಯುವುದು ಬೇಡವಾಗಿತ್ತೋ, ಅದು ಬೇರೆ ಮಾತು.

ವರ್ಷದವರಲ್ಲಿ ಕಳೆದ ತಿಂಗಳು ಒಂದು ಸಲವಾದರೂ ಆ್ಯಪ್ ತೆರೆದವರೆಷ್ಟು ಎಂದು ತೆಗೆದು ನೋಡಿದಳು. ಮೂರು ಸಾವಿರದ ಎಂಟುನೂರರಲ್ಲಿ ಸಾವಿರದ ನೂರು ಜನ. ಉಳಿದವರೆಲ್ಲ ಟೀಚರಮ್ಮನಂತೆ ಸಂತೋಷವಾಗಿ ಎದ್ದುಹೋಗಿದ್ದರು. ಲೆಕ್ಕದಲ್ಲಿ ಮಾತ್ರ ಕೂತಿದ್ದರು.

ಅವಳಿಗೆ ಹೆದರಿಕೆಯಾಯಿತು. ಕೆಲಸ ಹೋದೀತೆಂಬ ಹೆದರಿಕೆಯಲ್ಲ, ಅಕ್ಕನ ಮುಖ ಹೇಗೆ ನೋಡುವುದೆಂಬ ಹೆದರಿಕೆ. ಅಪ್ಪ ಹೋದ ಮೇಲೆ ಇವಳನ್ನು ಓದಿಸಿದವಳು ಅಕ್ಕ. ಈ ಮನೆ ಕಟ್ಟಿಸಿದವಳೂ ಅವಳೇ, ಹತ್ತಾರು ವರ್ಷ ಊರವರ ಬೆನ್ನು ನೀವಿ. ಸುಮ್ಮನಿದ್ದುಬಿಟ್ಟರೆ? ಬ್ಯಾಂಕಿನ ಮೇಡಂ ಅಂದಾಜನ್ನು ನೋಡಿ ಮೆಚ್ಚಿದ್ದಾಯಿತು. ವರ್ಷದ ಯೋಜನೆಗೆ ಮೊದಲ ತಿಂಗಳಲ್ಲಿ ಸೇರಿದ ಟೀಚರಮ್ಮ ಮತ್ತಿತರ ಒಂಬೈನೂರು ಜನರ ವರ್ಷ ತುಂಬುವುದು ಮುಂದಿನ ತಿಂಗಳು. ಅಲ್ಲಿಯ ತನಕ ಯಾರಿಗೂ ಏನೂ ತಿಳಿಯುವುದಿಲ್ಲ. ಆಮೇಲೆ ತಿಳಿದರೂ ‘ಮಾರುಕಟ್ಟೆ ಸರಿಯಿಲ್ಲ’ ಎಂದರೆ ನಡೆದೀತು. ಈ ಯೋಚನೆ ತನ್ನ ತಲೆಯಲ್ಲೇ ಬಂತೆಂದು ಅರಿವಾದಾಗ ಅವಳಿಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು.

ಮಧ್ಯಾಹ್ನ ಊಟಕ್ಕೆ ಮೇಲೆ ಹೋದಳು. ಎದುರಿನ ಗೋಡೆಯ ಮೇಲೆ ಮೊಳೆ ಮಾತ್ರ ಇತ್ತು, ಅಪ್ಪನ ಫೋಟೋ ಇರಲಿಲ್ಲ. ಅದೆಲ್ಲಿ ಎಂದು ಕೇಳಿದ್ದಕ್ಕೆ, ಗಾಜು ಬಿರುಕು ಬಿಟ್ಟಿದೆ, ರಿಪೇರಿಗೆ ಕೊಡಬೇಕು ಎನ್ನುತ್ತ ಅಮ್ಮ ಬೇಗಬೇಗನೆ ತಟ್ಟೆ ಎತ್ತಿದರು. ಅವಳ ತಲೆಯಲ್ಲಿ ಅಂಕಿಗಳೇ ತುಂಬಿದ್ದರಿಂದ ಮತ್ತೆ ಕೇಳಲಿಲ್ಲ.

ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡು ಅಂದಾಜನ್ನು ಬುಡದಿಂದ ಕಟ್ಟಿದಳು. ಈ ಸಲ ಒಂದೊಂದು ತಿಂಗಳು ಸೇರಿದವರನ್ನೂ ಒಂದೊಂದು ಗುಂಪು ಮಾಡಿ, ಆ ಗುಂಪು ಹೇಗೆ ಕರಗುತ್ತದೆಂದು ಬೇರೆಬೇರೆಯಾಗಿ ನೋಡಿದಳು. ಹೊಸಬರು ತಿಂಗಳಿಂದ ತಿಂಗಳಿಗೆ ನೂರಕ್ಕೆ ಐದರಂತೆ ಹೆಚ್ಚುತ್ತಾರೆಂದು ಹಿಂದೆ ಊಹಿಸಿದ್ದಳು. ಹಾಗೆ ಹೆಚ್ಚುತ್ತಾ ಹೋದರೆ ಮೂರನೇ ವರ್ಷದ ಕೊನೆಗೆ ತಿಂಗಳಿಗೆ ಎರಡು ಸಾವಿರಕ್ಕೂ ಮೀರಿ ಹೊಸ ಮಂಡಿಗಳು ನೋಯಬೇಕಿತ್ತು. ನಿಜದಲ್ಲಿ ಹತ್ತು ತಿಂಗಳಿಂದ ಹೊಸಬರು ತಿಂಗಳಿಗೆ ನಾನೂರರ ಆಸುಪಾಸಿನಲ್ಲೇ ನಿಂತಿದ್ದರು. ಅದನ್ನೇ ಇಟ್ಟಳು. ವರ್ಷ ತುಂಬಿದವರಲ್ಲಿ ಮತ್ತೆ ಕಟ್ಟುವವರು ನೂರಕ್ಕೆ ನಲವತ್ತು ಎಂದು ಒಂದು ಲೆಕ್ಕ, ಮೂವತ್ತು ಎಂದು ಇನ್ನೊಂದು. ಮೊದಲನೆಯದರಲ್ಲಿ ಮೂರನೇ ವರ್ಷದ ಆದಾಯ ಇಂದಿನದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು. ಎರಡನೆಯದರಲ್ಲಿ ಐದನೇ ಒಂದು ಪಾಲು. ಸಾಲದ ಕಂತು ಕಟ್ಟಿ ಹತ್ತು ಜನಕ್ಕೆ ಸಂಬಳ ಕೊಡಬೇಕಾದರೆ ಎರಡನೇ ವರ್ಷವೇ ಆದಾಯ ದುಪ್ಪಟ್ಟಾಗಬೇಕಿತ್ತು. ಯಾವ ದಾರಿಯಲ್ಲಿ ಹೋದರೂ ಮನೆ ಬ್ಯಾಂಕಿನ ಪಾಲು.

ಗುರುವಾರ ಸಂಜೆ ಕೊನೆಯ ರೋಗಿ ಹೋದ ಮೇಲೆ ಅಕ್ಕ, ಭಾವ ಇಬ್ಬರನ್ನೂ ಹಿಂದಿನ ಕೋಣೆಗೆ ಕರೆದಳು. ಭಾವ ಹೊಸ ಆಫೀಸಿನ ಮೇಜು ಕುರ್ಚಿಗಳ ಚಿತ್ರ ಹಿಡಿದುಕೊಂಡೇ ಬಂದರು. ತಪ್ಪಾಗಿದೆ ಎಂಬಲ್ಲಿಂದಲೇ ಅವಳು ಶುರು ಮಾಡಿದಳು. ಟೀಚರಮ್ಮನ ವಿಷಯ ಹೇಳಿದಳು, ಹಳೆಯ ಭಾಗಾಕಾರ ತೋರಿಸಿದಳು, ಹೊಸದನ್ನೂ ತೋರಿಸಿದಳು. ನಡುವೆ ಎಲ್ಲೂ ನಿಲ್ಲಿಸಲಿಲ್ಲ.

ಭಾವನ ಮುಖ ಕಪ್ಪಿಟ್ಟಿತು. “ಬ್ರೇಕು ಹಾಕೋಕೆ ನಿಂಗೆ ಇವತ್ತೇ ಬೇಕಿತ್ತಾ? ಆಫೀಸಿಗೆ ಮುಂಗಡ ಕೊಟ್ಟಾಗಿದೆ. ಬ್ಯಾಂಕಿನೋರು ಈ ತಿಂಗಳು ದಾಟಿದ್ರೆ ಮತ್ತೆ ಮೊದಲಿಂದ ಬನ್ನಿ ಅಂತಾರೆ.”

ಅಕ್ಕ ಪರದೆಯನ್ನೇ ನೋಡುತ್ತಿದ್ದಳು. ನೋಯುವ ಜಾಗ ಹುಡುಕುವಾಗ ರೋಗಿಯ ಬೆನ್ನ ಮೇಲೆ ಓಡಾಡುವ ಹಾಗೆ ಅವಳ ಬೆರಳು ಅಂಕಿಗಳ ಮೇಲೆ ನಿಧಾನವಾಗಿ ಸರಿಯಿತು.

“ಈ ಲೆಕ್ಕದಲ್ಲಿ ಮೂರನೇ ವರ್ಷ ನಾವು ಇರ್ತೀವೇನೇ?” ಎಂದು ಕೊನೆಗೆ ಕೇಳಿದಳು.

“ಇರ್ತೀವಿ ಅಕ್ಕ. ಚಿಕ್ಕದಾಗಿ ಇರ್ತೀವಿ. ಸಾಲ ಇಲ್ದಿದ್ರೆ.”

“ಈ ನಲವತ್ತು ಅನ್ನೋದು ಖಾತ್ರಿನಾ?”

“ಇಲ್ಲ. ಅದೂ ಊಹೆನೇ. ಮುಂದಿನ ತಿಂಗಳು ಮೊದಲನೇ ಗುಂಪಲ್ಲಿ ಎಷ್ಟು ಜನ ಹಣ ಕಟ್ತಾರೆ ಅಂತ ನೋಡಿದ್ರೇ ಗೊತ್ತಾಗೋದು.”

ಅಕ್ಕ ಫೋನು ತೆಗೆದು ಬ್ಯಾಂಕಿನ ಮೇಡಂಗೆ, ಸಹಿ ಈಗ ಬೇಡ, ಆಮೇಲೆ ನಾವೇ ಬರುತ್ತೇವೆ ಎಂದಳು. ಭಾವ ಮೇಜು ಕುರ್ಚಿಯ ಚಿತ್ರಗಳನ್ನು ಅಲ್ಲೇ ಬಿಟ್ಟು ಎದ್ದುಹೋದರು. ಅಕ್ಕ ತಂಗಿಯನ್ನು ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಬೈದಿದ್ದರೇ ವಾಸಿಯಿತ್ತು ಎನಿಸಿತು ಅವಳಿಗೆ.

ಆಮೇಲಿನ ವಾರಗಳನ್ನು ಆ ಮನೆಯವರು ಹೇಗೆ ಕಳೆದರೋ ಅವರಿಗೇ ಗೊತ್ತು. ಭಾವ ಮುಂಗಡದ ಹಣ ಬಿಟ್ಟುಕೊಟ್ಟು ಬಂದು ಅವಳೊಡನೆ ಮಾತು ಬಿಟ್ಟರು. ಇವಳಿಗೀಗ ಎರಡೂ ಕಡೆಯಿಂದ ಭಯ. ನೂರಕ್ಕೆ ಎಪ್ಪತ್ತು ಜನ ಮತ್ತೆ ಕಟ್ಟಿಬಿಟ್ಟರೆ, ಅಕ್ಕನ ಬಾಯಿಗೆ ಬಂದ ತುತ್ತನ್ನು ಕಿತ್ತುಕೊಂಡವಳು ತಾನು. ಕಟ್ಟದಿದ್ದರೆ, ಮನೆಯನ್ನು ಬೀದಿಗೆ ತರಲು ಹೊರಟಿದ್ದವಳೂ ತಾನೇ.

ಒಂಬೈನೂರು ಜನಕ್ಕೆ ಜ್ಞಾಪನೆಯ ಸಂದೇಶ ಹೋಯಿತು. ಕಟ್ಟಲು ಎರಡು ವಾರದ ಗಡುವು, ಬೆಲೆ ಅದೇ ಅರ್ಧ. ಮೊದಲ ದಿನಗಳಲ್ಲಿ ಹಣ ಚೆನ್ನಾಗಿಯೇ ಬಂತು. ಭಾವ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಎಷ್ಟಾಯಿತು ಎಂದು ಗೋಡೆಯನ್ನು ಕೇಳುತ್ತಿದ್ದರು. ಆಮೇಲಾಮೇಲೆ ಬರುವವರು ವಿರಳವಾದರು. ಗಡುವು ಮುಗಿದ ಬೆಳಿಗ್ಗೆ ಮೂವರೂ ಪರದೆಯ ಮುಂದೆ ಕೂತರು. ಕಟ್ಟಿದವರು ಇನ್ನೂರ ತೊಂಬತ್ತೇಳು. ಪಟ್ಟಿಯಲ್ಲಿ ಟೀಚರಮ್ಮನ ಹೆಸರು ಇರಲಿಲ್ಲ.

“ನೂರಕ್ಕೆ ಮೂವತ್ತಮೂರು,” ಎಂದರು ಭಾವ. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವಳ ಕಡೆ ತಿರುಗಿ, ಮೆಲ್ಲಗೆ, “ಸಹಿ ಹಾಕಿದ್ರೆ ಏನಾಗ್ತಿತ್ತಮ್ಮ?” ಎಂದು ಕೇಳಿದರು.

ಅಷ್ಟೊಂದು ಹೆದರಿ ಹಾಕಿದ ನಲವತ್ತರಲ್ಲೂ ಆಸೆ ಬೆರೆತಿತ್ತಲ್ಲ ಎಂದು ಅವಳಿಗೆ ಹೊಳೆಯಿತು. ಅಕ್ಕ ಮಾತ್ರ, ನಲವತ್ತನ್ನು ತೆಗೆದು ಮೂವತ್ತಮೂರು ಹಾಕು, ಮುಂದಿನ ಗುಂಪು ಬಂದಾಗ ಮತ್ತೆ ನೋಡೋಣ ಎಂದು ಹೇಳಿ, ಕಾಯುತ್ತಿದ್ದ ರೋಗಿಯ ಕಡೆ ಹೊರಟಳು. ಬಾಗಿಲ ಹತ್ತಿರ ನಿಂತು, ಬ್ಯಾಂಕಿನವರು ಇನ್ನು ಬರುವುದಿಲ್ಲವೆಂದು ಅಮ್ಮನಿಗೆ ಹೇಳಿ ಬಾ ಎಂದಳು.

ಅಮ್ಮ ತಮ್ಮ ಕೋಣೆಯಲ್ಲಿದ್ದರು. ಸುದ್ದಿ ಹೇಳಿದಾಗ ಮಂಚದ ಕೆಳಗೆ ಬಗ್ಗಿ ಒಂದು ಪೆಟ್ಟಿಗೆಯನ್ನು ಎಳೆದರು. ಅದರಲ್ಲಿ ಅವರ ಸೀರೆಗಳು, ಔಷಧದ ಡಬ್ಬಿ, ಕನ್ನಡಕದ ಚೀಲ ಎಲ್ಲ ಅಚ್ಚುಕಟ್ಟಾಗಿ ಕೂತಿದ್ದವು. ಎಲ್ಲಕ್ಕಿಂತ ಮೇಲೆ, ಹಳೆಯ ಟವೆಲಿನಲ್ಲಿ ಸುತ್ತಿದ ಅಪ್ಪನ ಫೋಟೋ. ಗಾಜಿನಲ್ಲಿ ಒಂದು ಗೀರೂ ಇರಲಿಲ್ಲ.

“ಅವತ್ತು ಟೇಪು ಹಿಡ್ಕೊಂಡು ಬಂದ್ರಲ್ಲ, ಅವತ್ತೇ ತೆಗೆದಿಟ್ಟೆ. ಹೊರಡು ಅಂದಾಗ ಗಡಿಬಿಡಿ ಆಗಬಾರದು ಅಂತ. ನೀವೆಲ್ಲ ಅಷ್ಟು ಖುಷಿಯಾಗಿದ್ರಿ, ಹೇಗೆ ಹೇಳೋದು?” ಎಂದರು ಅಮ್ಮ.

ಫೋಟೋವನ್ನು ಅವಳ ಕೈಗಿಟ್ಟು, ಸ್ಟೂಲು ತಂದು ಮೊಳೆಗೆ ಹಾಕು ಎಂದರು. ಅವಳು ಸ್ಟೂಲು ಹತ್ತಿದಳು. ಎರಡು ಸಲ ಮೊಳೆ ತಪ್ಪಿತು. ಕೆಳಗೆ ಅಮ್ಮ ಎರಡೂ ಕೈಯಲ್ಲಿ ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.