ಚಿರತೆಯ ಹಕ್ಕು

ಉತ್ತರಹಳ್ಳಿಯ ತಾರಸಿಯೊಂದರ ಮೇಲೆ ಚಿರತೆ ನಡೆದದ್ದನ್ನು ಕ್ಯಾಮೆರಾದಲ್ಲಿ ಹಿಡಿದವನು ದೇವರಾಜ್ ಒಬ್ಬನೇ. ಮಧ್ಯಾಹ್ನ ಟೀವಿ ಚಾನೆಲ್‌ನ ಕೈಲಾಸ್ ಫೋನ್ ಮಾಡಿದ.

“ದೇವರಾಜಣ್ಣ, ವಿಡಿಯೋ ಕಳಿಸಿ. ನಿಮ್ಮ ಹೆಸರು ಹಾಕ್ತೀವಿ.”

“ಹೋದ ವರ್ಷ ಸಾರಕ್ಕಿ ಮಳೆ ವಿಡಿಯೋ ಕದ್ದು, ನನ್ನ ಹೆಸರಿನ ಮೇಲೇ ನಿಮ್ಮ ಲೋಗೋ ಮೆತ್ತಿದ್ರಲ್ಲ ಸಾರ್?”

“ಹಳೇದು ಬಿಡಿ ಅಣ್ಣ. ಈ ಸಲ ದುಡ್ಡೂ ಕೊಡ್ತೀವಿ.”

ಬಳಸುವ ಹಕ್ಕನ್ನು ನಾಲ್ಕೈದು ಚಾನೆಲ್‌ಗಳಿಗೆ ಬಿಡಿಬಿಡಿಯಾಗಿ ಮಾರಿದ್ದರೆ ದೇವರಾಜನ ಜೇಬು ತುಂಬುತ್ತಿತ್ತು. ಆದರೆ ಕೈಲಾಸನಿಗೆ ಸಿಗಬಾರದೆಂದೇ ಅವನು ಕಡಿಮೆ ಹಣಕ್ಕೆ ಒಪ್ಪಿ, ಎದುರಾಳಿ ಚಾನೆಲ್ ಒಂದಕ್ಕೇ ತಿಂಗಳ ಮಟ್ಟಿಗೆ ಹಕ್ಕು ಬರೆದುಕೊಟ್ಟಿದ್ದ.

“ನಿಮ್ಮ ಎದುರಾಳಿ ಚಾನೆಲ್‌ಗೆ ಕೊಟ್ಟಾಯ್ತು, ಹಾಕ್ಕೊಂಡು ನೋಡಿ ಸಾರ್. ಚಿರತೆಗಿಂತ ನನ್ನ ಹೆಸರೇ ದಪ್ಪಗಿದೆ. ಈ ಸಲ ಕದ್ರೆ, ಅವರ ವಕೀಲರೇ ನಿಮ್ಮ ಆಫೀಸಿಗೆ ಬರ್ತಾರೆ.”

ಫೋನ್ ಇಟ್ಟ ದೇವರಾಜ್ ಟೀವಿಯ ಸದ್ದು ಜೋರು ಮಾಡಿದ.